ಮೀಸಲು ನಿಧಿಯನ್ನು ಎಲ್ಲಿ, ಹೇಗೆ ಇಡಬೇಕು: ಖಜಾಂಚಿಯಾಗಿ ನಾನು ಮಂಡಿಸಿದ ಪ್ರಸ್ತಾವ, ಹೆಜ್ಜೆ ಹೆಜ್ಜೆಯಾಗಿ

ತುಮಕೂರಿನ ಬಟವಾಡಿ ಕಡೆಯ ನಮ್ಮ ಗೃಹಸಮುಚ್ಚಯದಲ್ಲಿ 48 ಮನೆಗಳಿವೆ. ಸೆಪ್ಟೆಂಬರಿನ ಸರ್ವಸದಸ್ಯರ ಸಭೆಯಲ್ಲಿ ನಿರ್ವಹಣಾ ಮೀಸಲು ನಿಧಿಯ ಬಗ್ಗೆ ನಾನು ಓದಿದ ಭಾಷಣವನ್ನು ಬೇರೆ ಎರಡು ಮೂರು ಸಂಘಗಳ ಖಜಾಂಚಿಗಳು ಕೇಳಿ ಪಡೆದುಕೊಂಡರು. ತಮ್ಮ ಸಂಘಕ್ಕೆ ಹೊಂದಿಸಿಕೊಳ್ಳಲು ಅನುಕೂಲವಾಗಲಿ ಎಂದು ಅದನ್ನು ಹೆಜ್ಜೆಗಳಾಗಿ ವಿಂಗಡಿಸಿ ಇಲ್ಲಿ ಕೊಟ್ಟಿದ್ದೇನೆ. ಮೊತ್ತಗಳು ನಮ್ಮವು, ನೀವು ನಿಮ್ಮವನ್ನು ಹಾಕಿಕೊಳ್ಳಿ.

ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಸದಸ್ಯ ಬಂಧುಗಳೇ,

ನಮ್ಮ ಮೀಸಲು ನಿಧಿಯಲ್ಲಿ ಇಂದು 38 ಲಕ್ಷ ರೂಪಾಯಿ ಇದೆ. ಇದಕ್ಕೆ ಎಷ್ಟು ಬಡ್ಡಿ ಬರಬೇಕು ಎಂಬ ಚರ್ಚೆಯನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೇನೆ. ಬೇಕಾದ ದಿನ ಈ ಹಣ ಪೂರ್ತಿಯಾಗಿ ಕೈಗೆ ಬರುತ್ತದೆಯೇ ಎಂಬುದನ್ನು ಮೊದಲು ನೋಡೋಣ.

ಮೊದಲ ಹೆಜ್ಜೆ: ಹಣ ಈಗ ಎಲ್ಲಿದೆ ಎಂದು ಕಾಗದ ಮುಂದಿಟ್ಟು ನೋಡುವುದು

ನಾನು ಅಧಿಕಾರ ವಹಿಸಿಕೊಂಡ ವಾರ ಸಂಘದ ಕಚೇರಿಯ ಬೀರುವಿನಲ್ಲಿದ್ದ ಎಲ್ಲ ಎಫ್‌ಡಿ ಬಾಂಡ್‌ಗಳನ್ನು ತೆಗೆದು ಮೇಜಿನ ಮೇಲೆ ಹರಡಿದೆ. ಊರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ತಲಾ 8 ಲಕ್ಷದ ಮೂರು ಬಾಂಡ್‌ಗಳು, ಒಟ್ಟು 24 ಲಕ್ಷ. ಸರ್ಕಾರಿ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ 9 ಲಕ್ಷ. ಅದೇ ಸರ್ಕಾರಿ ಬ್ಯಾಂಕಿನಲ್ಲಿ 5 ಲಕ್ಷದ ಇನ್ನೊಂದು ಬಾಂಡ್. ಈ ಕೊನೆಯ ಬಾಂಡಿನ ಮೇಲಿನ ದಿನಾಂಕ ನೋಡಿದಾಗ ಅದರ ಅವಧಿ ಮುಗಿದು 14 ತಿಂಗಳಾಗಿದ್ದುದು ತಿಳಿಯಿತು.

ಅವಧಿ ಮುಗಿದ ಮೇಲೂ ಯಾರೂ ಕೇಳದೆ ಬ್ಯಾಂಕಿನಲ್ಲೇ ಉಳಿದ ಠೇವಣಿಗೆ, ರಿಸರ್ವ್ ಬ್ಯಾಂಕಿನ 2021ರ ಜುಲೈ ಸುತ್ತೋಲೆಯಂತೆ, ಉಳಿತಾಯ ಖಾತೆಯ ಬಡ್ಡಿ ಅಥವಾ ಬಾಂಡಿನಲ್ಲಿದ್ದ ಬಡ್ಡಿ, ಎರಡರಲ್ಲಿ ಕಡಿಮೆ ಯಾವುದೋ ಅದು ಮಾತ್ರ ಸಿಗುತ್ತದೆ. ನಮ್ಮ ಬಾಂಡಿನ ದರ ಶೇ. 7 ಇತ್ತು, ಉಳಿತಾಯದ ದರ ಶೇ. 3. ಶೇ. 4ರ ವ್ಯತ್ಯಾಸಕ್ಕೆ 14 ತಿಂಗಳ ಲೆಕ್ಕ ಹಾಕಿದರೆ ಸುಮಾರು 23,000 ರೂಪಾಯಿ ನಮ್ಮ ಕೈತಪ್ಪಿದೆ. ಇದರಲ್ಲಿ ಬ್ಯಾಂಕಿನ ತಪ್ಪೇನೂ ಇಲ್ಲ. ಖಾತೆಗೆ ಕೊಟ್ಟಿದ್ದ ಮೊಬೈಲ್ ಸಂಖ್ಯೆ ಎರಡು ಸಮಿತಿಗಳ ಹಿಂದಿನ ಖಜಾಂಚಿಯವರದು. ಅವರು ಮನೆ ಮಾರಿ ಮೈಸೂರಿಗೆ ಹೋಗಿದ್ದಾರೆ, ಎಚ್ಚರಿಕೆಯ ಸಂದೇಶವೂ ಅವರಿಗೇ ಹೋಗಿದೆ. ಆದ್ದರಿಂದ ಯಾವ ಸಂಘವೇ ಆಗಲಿ, ಹೊಸದಾಗಿ ಹೂಡುವ ಮೊದಲು ಪ್ರತಿ ಬಾಂಡಿನ ಮುಕ್ತಾಯದ ದಿನ, ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಮತ್ತು ಸಹಿ ಮಾಡುವವರ ಹೆಸರು, ಈ ಮೂರನ್ನು ಬ್ಯಾಂಕಿಗೇ ಹೋಗಿ ತಾಳೆ ನೋಡಬೇಕು. ಬೀರುವಿನಲ್ಲಿರುವ ಬಾಂಡನ್ನಷ್ಟೇ ನಂಬಬಾರದು. ಬ್ಯಾಂಕಿನ ಮುದ್ರೆ ಇರುವ ಬಾಕಿ ದೃಢೀಕರಣ ಪತ್ರವನ್ನು ಕೇಳಿ ಪಡೆದರೆ, ಆ ಬಾಂಡಿನ ಮೇಲೆ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂಬುದೂ ಅದರಲ್ಲಿ ಬರುವಂತೆ ಕೋರಬಹುದು.

ಎರಡನೆಯ ಹೆಜ್ಜೆ: 5 ಲಕ್ಷದ ವಿಮೆ ಯಾವುದಕ್ಕೆ ಅನ್ವಯಿಸುತ್ತದೆ ಎಂದು ತಿಳಿಯುವುದು

ಬ್ಯಾಂಕ್ ಠೇವಣಿಗೆ ವಿಮೆ ಕೊಡುವುದು ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ, ಅಂದರೆ ಡಿಐಸಿಜಿಸಿ. 2020ರ ಫೆಬ್ರವರಿ 4ರಿಂದ ಈ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಇದನ್ನು ನಮ್ಮಲ್ಲಿ ಬಹಳ ಮಂದಿ ‘ಒಂದು ಬಾಂಡಿಗೆ 5 ಲಕ್ಷ’ ಎಂದು ತಿಳಿದಿದ್ದಾರೆ. ಅದು ಹಾಗಲ್ಲ. ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ, ಅದರ ಎಲ್ಲ ಶಾಖೆಗಳ ಎಲ್ಲ ಖಾತೆಗಳನ್ನೂ ಒಟ್ಟುಗೂಡಿಸಿ, ಅಸಲು ಮತ್ತು ಬಡ್ಡಿ ಎರಡೂ ಸೇರಿ 5 ಲಕ್ಷ. ಸಂಘದ ಹೆಸರಿನಲ್ಲಿ ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ಮೂರು ಬಾಂಡ್ ಮಾಡಿಸಿದರೂ ನಾವು ಒಬ್ಬರೇ ಠೇವಣಿದಾರರು. ಸಂಘದಲ್ಲಿ 48 ಮನೆಗಳಿವೆ ಎಂದು 48 ಪಾಲು ವಿಮೆ ಸಿಗುವುದಿಲ್ಲ.

ಹಾಗಾದರೆ ಸಹಕಾರಿ ಬ್ಯಾಂಕಿನಲ್ಲಿರುವ ನಮ್ಮ 24 ಲಕ್ಷದಲ್ಲಿ 5 ಲಕ್ಷಕ್ಕೆ ವಿಮೆ ಇದೆ, 19 ಲಕ್ಷಕ್ಕೆ ಇಲ್ಲ. ಆ ಬ್ಯಾಂಕಿನ ನಿರ್ದೇಶಕರು ನಮಗೆ ಗೊತ್ತಿರುವವರು, ನಮ್ಮೂರಿನವರೇ ಎಂದು ಹಿರಿಯರೊಬ್ಬರು ಹೇಳಿದರು. ಆ ಮಾತನ್ನು ನಾನು ಗೌರವಿಸುತ್ತೇನೆ. ಆ ಬ್ಯಾಂಕಿನ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಬ್ಯಾಂಕು ಸಂಕಷ್ಟಕ್ಕೆ ಸಿಕ್ಕಿದಾಗ ಪರಿಚಯ ಕೆಲಸಕ್ಕೆ ಬರುವುದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಠೇವಣಿದಾರರು ಮೊದಲಿಗೆ ತೆಗೆಯಬಹುದಾಗಿದ್ದುದು 35,000 ರೂಪಾಯಿ ಮಾತ್ರ. ಅಂಥ ನಿರ್ಬಂಧ ಬಿದ್ದಾಗ ವಿಮೆಯ ಹಣವನ್ನು 90 ದಿನಗಳೊಳಗೆ ಕೊಡಬೇಕೆಂದು 2021ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅದು ದೊಡ್ಡ ಅನುಕೂಲವೇ. ಆದರೂ ಅದು 5 ಲಕ್ಷದವರೆಗಿನ ಮಾತು.

ಹೆಚ್ಚು ಬಡ್ಡಿಯಿಂದ ನಮಗೆ ಆಗುತ್ತಿರುವ ಲಾಭವನ್ನೂ ನೋಡೋಣ. ಈ ಸಹಕಾರಿ ಬ್ಯಾಂಕು ಸರ್ಕಾರಿ ಬ್ಯಾಂಕಿಗಿಂತ ಶೇ. 1ರಷ್ಟು ಹೆಚ್ಚು ಕೊಡುತ್ತಿದೆ. 24 ಲಕ್ಷಕ್ಕೆ ವರ್ಷಕ್ಕೆ 24,000 ರೂಪಾಯಿ. ಮನೆಯೊಂದಕ್ಕೆ ವರ್ಷಕ್ಕೆ 500, ತಿಂಗಳಿಗೆ ಸುಮಾರು 42 ರೂಪಾಯಿ. ವಿಮೆಯಿಲ್ಲದ 19 ಲಕ್ಷವನ್ನು ಹಾಗೆಯೇ ಹಂಚಿದರೆ ಮನೆಯೊಂದಕ್ಕೆ 39,583 ರೂಪಾಯಿ ಆಗುತ್ತದೆ. ತಿಂಗಳಿಗೆ 42 ರೂಪಾಯಿಗಾಗಿ ಪ್ರತಿ ಮನೆಯ 39,583 ರೂಪಾಯಿಯನ್ನು ಅಪಾಯದಲ್ಲಿ ಇಡಲು ನನ್ನ ಮನಸ್ಸು ಒಪ್ಪುವುದಿಲ್ಲ. ನಿಮ್ಮ ಮನಸ್ಸೂ ಒಪ್ಪಲಾರದು ಎಂದುಕೊಂಡಿದ್ದೇನೆ.

ಇಲ್ಲೇ ಇನ್ನೊಂದು ಮಾತು. ನಮ್ಮ ಊರಿನಲ್ಲಿ ಪತ್ತಿನ ಸಹಕಾರ ಸಂಘಗಳಿವೆ, ಸೌಹಾರ್ದ ಸಹಕಾರಿಗಳಿವೆ. ಅವು ಇನ್ನೂ ಹೆಚ್ಚು ಬಡ್ಡಿಯ ಫಲಕ ಹಾಕುತ್ತವೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಸಂಸ್ಥೆಗೆ ಈ ವಿಮೆ ಒಂದು ರೂಪಾಯಿಯಷ್ಟೂ ಇಲ್ಲ. ಹೆಸರು ನೋಡಿ ನಿರ್ಧರಿಸಬೇಡಿ. ಡಿಐಸಿಜಿಸಿಯ ಜಾಲತಾಣ dicgc.org.in ನಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ಇದೆ, ಅದರಲ್ಲಿ ಹೆಸರಿದೆಯೇ ಎಂದು ನೋಡಿ. ಕಂಪನಿಗಳು ಮತ್ತು ಫೈನಾನ್ಸ್ ಸಂಸ್ಥೆಗಳು ಪಡೆಯುವ ಠೇವಣಿಗೂ ಈ ವಿಮೆ ಇಲ್ಲ.

ಮೂರನೆಯ ಹೆಜ್ಜೆ: ಖರ್ಚಿನ ದಿನಕ್ಕೆ ತಕ್ಕಂತೆ ಹಣವನ್ನು ಭಾಗ ಮಾಡುವುದು

ಮೀಸಲು ನಿಧಿ ಒಂದೇ ಗಂಟಲ್ಲ. ಅದರೊಳಗೆ ನಾಳೆ ಬೇಕಾಗಬಹುದಾದ ಹಣ, ಬರುವ ಬೇಸಿಗೆಗೆ ಬೇಕಾದ ಹಣ, ಹಲವು ವರ್ಷಗಳ ನಂತರ ಬೇಕಾದ ಹಣ ಮೂರೂ ಸೇರಿಕೊಂಡಿವೆ.

ಮೊದಲನೆಯದು ತುರ್ತಿನ ಹಣ. ಕಳೆದ ಏಪ್ರಿಲಿನಲ್ಲಿ ಕೊಳವೆಬಾವಿಯ ಮೋಟಾರ್ ಸುಟ್ಟುಹೋದಾಗ ಅದೇ ದಿನ ಪೈಪುಗಳನ್ನು ಮೇಲೆತ್ತಿಸಿ ಹೊಸ ಮೋಟಾರ್ ಇಳಿಸಬೇಕಾಯಿತು. ಎರಡು ದಿನ ಟ್ಯಾಂಕರ್ ನೀರನ್ನೂ ತರಿಸಬೇಕಾಯಿತು. ಇಂಥದ್ದಕ್ಕೆ 4 ಲಕ್ಷ ಇಟ್ಟುಕೊಂಡರೆ ಸಾಕು. ಇದು ಉಳಿತಾಯ ಖಾತೆಯಲ್ಲೇ ಇರಲಿ, ಆದರೆ ಖಾತೆಗೆ ಸ್ವೀಪ್ ಸೌಲಭ್ಯ ಹಾಕಿಸೋಣ; ನಿಗದಿ ಮಾಡಿದ ಮೊತ್ತಕ್ಕಿಂತ ಹೆಚ್ಚಾದದ್ದು ತಾನಾಗಿ ಸಣ್ಣ ಠೇವಣಿಯಾಗುತ್ತದೆ, ಚೆಕ್ ಬಂದಾಗ ತಾನಾಗಿ ಖಾತೆಗೆ ಮರಳುತ್ತದೆ.

ಎರಡನೆಯದು ಹೊರಗೋಡೆಯ ಬಣ್ಣ ಮತ್ತು ತಾರಸಿಯ ನೀರುಸೋರಿಕೆ ತಡೆ. ಇದಕ್ಕೆ ಬಂದಿರುವ ಅಂದಾಜು 12 ಲಕ್ಷ. ಹಿಂಗಾರು ಮಳೆ ಮುಗಿದು ಗೋಡೆ ಒಣಗಿದ ಮೇಲೆ, ಜನವರಿಯಲ್ಲಿ ಕೆಲಸ ಶುರುವಾಗುತ್ತದೆ. ಗುತ್ತಿಗೆದಾರರಿಗೆ ಜನವರಿಯ ಮೊದಲಲ್ಲಿ ಶೇ. 30, ಅಂದರೆ 3.6 ಲಕ್ಷ ಮುಂಗಡ, ಫೆಬ್ರವರಿಯಲ್ಲಿ ಶೇ. 40, ಅಂದರೆ 4.8 ಲಕ್ಷ, ಮಾರ್ಚಿನಲ್ಲಿ ಕೆಲಸ ನೋಡಿ ಒಪ್ಪಿಕೊಂಡ ಮೇಲೆ ಉಳಿದ 3.6 ಲಕ್ಷ. ಆದ್ದರಿಂದ ಒಂದು ಬಾಂಡ್ ಡಿಸೆಂಬರಿನ ಕೊನೆಯ ವಾರ, ಇನ್ನೊಂದು ಜನವರಿಯ ಕೊನೆಯ ವಾರ ಮುಗಿಯುವಂತಿರಬೇಕು. ಅವಧಿ ಕಡಿಮೆಯಾದ್ದರಿಂದ ಬಡ್ಡಿಯೂ ಕಡಿಮೆಯೇ ಸಿಗುತ್ತದೆ. ಆದರೆ ಎರಡು ವರ್ಷದ ಬಾಂಡ್ ಮಾಡಿಸಿ ನಾಲ್ಕನೇ ತಿಂಗಳಿಗೆ ಮುರಿಸಿದರೆ, ಬ್ಯಾಂಕು ಕೊಡುವುದು ನಾಲ್ಕು ತಿಂಗಳಿನ ದರ. ಅದರಲ್ಲೂ ದಂಡ ಕಡಿತವಾಗುತ್ತದೆ.

ಮೂರನೆಯದು ಲಿಫ್ಟ್ ಬದಲಾವಣೆಗೆಂದು ಕೂಡಿಡುತ್ತಿರುವ 22 ಲಕ್ಷ. ಎಂಟು ಹತ್ತು ವರ್ಷ ಸಮಯವಿದೆ ಎಂದು ತಂತ್ರಜ್ಞರು ಹೇಳಿದ್ದಾರೆ, ಆದರೆ ಲಿಫ್ಟ್ ಯಾವಾಗ ಕೈಕೊಡುತ್ತದೆಂದು ಯಾರೂ ಬರೆದುಕೊಡಲಾರರು. ಇದನ್ನು ಒಂದೇ ಬಾಂಡ್ ಮಾಡದೆ, ಏಣಿಯ ಮೆಟ್ಟಿಲುಗಳ ಹಾಗೆ ತಲಾ 4.4 ಲಕ್ಷದ ಐದು ಬಾಂಡ್ ಮಾಡೋಣ: 1, 2, 3, 4 ಮತ್ತು 5 ವರ್ಷದವು. ಪ್ರತಿ ವರ್ಷ ಒಂದು ಬಾಂಡ್ ಮುಗಿಯುತ್ತದೆ. ಹಣ ಬೇಡವಾದರೆ ಅದನ್ನು ಮತ್ತೆ 5 ವರ್ಷಕ್ಕೆ ಇಡುತ್ತೇವೆ. ಬಡ್ಡಿದರ ಇಳಿದರೂ ಏರಿದರೂ ಐದರಲ್ಲಿ ಒಂದು ಭಾಗಕ್ಕೆ ಮಾತ್ರ ಆ ವರ್ಷದ ಹೊಸ ದರ ತಗಲುತ್ತದೆ. ಮಧ್ಯೆ ಮುರಿಸಬೇಕಾಗಿ ಬಂದರೆ ಒಂದನ್ನು ಮುರಿಸಿದರೆ ಸಾಕು, ಉಳಿದ ನಾಲ್ಕರ ಬಡ್ಡಿಗೆ ಏನೂ ಆಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ಯಾವ ಭಾಗ ಯಾವ ಬ್ಯಾಂಕಿಗೆ

ಎಲ್ಲವನ್ನೂ ವಿಮೆಯ ಮಿತಿಯೊಳಗೇ ಇಡಬೇಕೆಂದರೆ ಎಂಟು ಒಂಬತ್ತು ಬ್ಯಾಂಕುಗಳಲ್ಲಿ ಖಾತೆ ಬೇಕಾಗುತ್ತದೆ. ಪ್ರತಿ ಬಾರಿ ಸಮಿತಿ ಬದಲಾದಾಗ ಅಷ್ಟೂ ಬ್ಯಾಂಕುಗಳಲ್ಲಿ ಕೆವೈಸಿ ಮತ್ತು ಸಹಿ ಬದಲಿಸಬೇಕು. ಒಂದು ಬಾಂಡ್ ಮರೆತುದರ ಫಲವನ್ನು ಈಗಷ್ಟೇ ನೋಡಿದ್ದೇವೆ. ಹೀಗಾಗಿ ಮೂರು ಬ್ಯಾಂಕುಗಳು ಸಾಕು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಮೊತ್ತ ಎರಡು ಸರ್ಕಾರಿ ಒಡೆತನದ ಬ್ಯಾಂಕುಗಳಲ್ಲಿ ಇರಲಿ. ಅಲ್ಲಿಯೂ ವಿಮೆಯ ಮಿತಿ 5 ಲಕ್ಷವೇ ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. ಅದರ ಮೇಲಿನ ಹಣಕ್ಕೆ ನಾನು ನೆಚ್ಚಿಕೊಂಡಿರುವುದು ಆ ಬ್ಯಾಂಕುಗಳ ಗಾತ್ರವನ್ನು ಮತ್ತು ಸರ್ಕಾರದ ಒಡೆತನವನ್ನು. ಸಹಕಾರಿ ಬ್ಯಾಂಕು ಮತ್ತು ಸಣ್ಣ ಹಣಕಾಸು ಬ್ಯಾಂಕುಗಳಿಗೆ ಮಾತ್ರ 5 ಲಕ್ಷದ ಗೆರೆಯನ್ನು ದಾಟಬಾರದು ಎಂದು ಠರಾವಿನಲ್ಲೇ ಬರೆಯೋಣ.

ನಮ್ಮ ಈಗಿನ ಸರ್ಕಾರಿ ಬ್ಯಾಂಕಿನಲ್ಲಿ ತುರ್ತಿನ 4 ಲಕ್ಷ ಮತ್ತು ಬಣ್ಣದ 12 ಲಕ್ಷ. ಎರಡನೆಯ ಸರ್ಕಾರಿ ಬ್ಯಾಂಕಿನಲ್ಲಿ ಏಣಿಯ ನಾಲ್ಕು ಮೆಟ್ಟಿಲುಗಳು, 17.6 ಲಕ್ಷ, ಸಹಕಾರಿ ಬ್ಯಾಂಕಿನಲ್ಲಿ ಒಂದು ವರ್ಷದ ಒಂದು ಮೆಟ್ಟಿಲು, 4.4 ಲಕ್ಷ. ಈ ಕೊನೆಯದರ ಬಡ್ಡಿಯನ್ನು ಅಸಲಿಗೆ ಸೇರಿಸದೆ ಮೂರು ತಿಂಗಳಿಗೊಮ್ಮೆ ನಮ್ಮ ಉಳಿತಾಯ ಖಾತೆಗೆ ತರಿಸಿಕೊಳ್ಳಬೇಕು. ವಿಮೆಯ 5 ಲಕ್ಷದಲ್ಲಿ ಬಡ್ಡಿಯೂ ಸೇರುತ್ತದೆಯಲ್ಲವೇ, ಶೇ. 6.5ರ ಚಕ್ರಬಡ್ಡಿಯಲ್ಲಿ ನವೀಕರಿಸುತ್ತಾ ಹೋದರೆ ಸುಮಾರು ಎರಡೇ ವರ್ಷದಲ್ಲಿ 4.4 ಲಕ್ಷ ಆ ಗೆರೆಯನ್ನು ಮುಟ್ಟಿಬಿಡುತ್ತದೆ.

ಈಗಿನ ಮೂರು ಬಾಂಡ್‌ಗಳನ್ನು ಹೊರತರುವ ದಾರಿ ಹೀಗಿದೆ. ಮೊದಲನೆಯದು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಆ 8 ಲಕ್ಷವನ್ನು ನವೀಕರಿಸದೆ ತೆಗೆಯೋಣ. ಎರಡನೆಯದಕ್ಕೆ ನಾಲ್ಕು ತಿಂಗಳು ಉಳಿದಿದೆ, ಕಾಯೋಣ. ಮೂರನೆಯದು ಎರಡು ವರ್ಷದ ಬಾಂಡ್. 13 ತಿಂಗಳು ಕಳೆದಿದೆ, 11 ತಿಂಗಳು ಬಾಕಿ. ಅದನ್ನು ಈಗ ಮುರಿಸಿದರೆ ಶೇ. 7.5ರ ಬದಲು, ಕಳೆದ ಅವಧಿಯ ದರ ಶೇ. 7ರಲ್ಲಿ ದಂಡ ಶೇ. 1 ಕಳೆದು ಶೇ. 6 ಸಿಗುತ್ತದೆ. 8 ಲಕ್ಷಕ್ಕೆ 13 ತಿಂಗಳ ಶೇ. 1.5 ಎಂದರೆ 13,000 ರೂಪಾಯಿ, ಮನೆಗೆ 271. ಈ ನಷ್ಟವನ್ನು ಒಪ್ಪಿಕೊಂಡು ಮುರಿಸಬೇಕೆಂದೇ ನನ್ನ ಶಿಫಾರಸು.

ಹೀಗೆ ಹೊರಬರುವ 16 ಲಕ್ಷಕ್ಕೆ ಉಳಿತಾಯ ಖಾತೆಯಿಂದ 1.6 ಲಕ್ಷ ಸೇರಿಸಿದರೆ ಎರಡನೆಯ ಬ್ಯಾಂಕಿನ 17.6 ಲಕ್ಷ ಪೂರ್ತಿಯಾಗುತ್ತದೆ. ಉಳಿತಾಯದಲ್ಲಿ ಉಳಿದ 7.4 ಲಕ್ಷ ಮತ್ತು ಮರೆತುಹೋಗಿದ್ದ 5 ಲಕ್ಷ ಸೇರಿ 12.4 ಲಕ್ಷ. ಅದರಲ್ಲಿ ತುರ್ತಿಗೆ 4 ಲಕ್ಷ, ಬಣ್ಣದ ಮೊದಲ ಎರಡು ಕಂತಿಗೆ 8.4 ಲಕ್ಷ. ಜನವರಿಯಲ್ಲಿ ಎರಡನೆಯ ಬಾಂಡ್ ಮುಗಿದಾಗ 4.4 ಲಕ್ಷ ಸಹಕಾರಿ ಬ್ಯಾಂಕಿನಲ್ಲೇ ಉಳಿದು, 3.6 ಲಕ್ಷ ಬಣ್ಣದ ಕೊನೆಯ ಕಂತಿಗೆ ಬರುತ್ತದೆ. ನಡುವಿನ ನಾಲ್ಕು ತಿಂಗಳು ಮಾತ್ರ ಅಲ್ಲಿ ವಿಮೆಯ ಮಿತಿಗಿಂತ 3 ಲಕ್ಷ ಮತ್ತು ಅದುವರೆಗಿನ ಬಡ್ಡಿ ಹೆಚ್ಚಿಗೆ ಇರುತ್ತದೆ. ಅದು ಸಭೆಗೆ ಗೊತ್ತಿರಲಿ.

ಐದನೆಯ ಹೆಜ್ಜೆ: ಬಾಂಡ್ ಮಾಡಿಸುವ ದಿನ ಕೌಂಟರಿನಲ್ಲಿ ಗಮನಿಸಬೇಕಾದದ್ದು

ಅವಧಿಗೆ ಮುನ್ನ ಮುರಿಸುವ ಹಕ್ಕು ಇದೆಯೇ ಎಂದು ಮೊದಲು ಕೇಳಬೇಕು. 1 ಕೋಟಿಯವರೆಗಿನ ಠೇವಣಿಗೆ ಈ ಹಕ್ಕನ್ನು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಹೇಳಿರುವುದು ವ್ಯಕ್ತಿಗಳ ಠೇವಣಿಗೆ, ಸಂಘ ವ್ಯಕ್ತಿಯಲ್ಲ. ಸ್ವಲ್ಪ ಹೆಚ್ಚು ಬಡ್ಡಿಯ ಆಸೆಗೆ ಮುರಿಸಲಾಗದ ಠೇವಣಿಗೆ ಸಹಿ ಹಾಕಿಬಿಟ್ಟರೆ ಲಿಫ್ಟ್ ನಿಂತ ದಿನ ಕೈಕಟ್ಟಿಕೊಂಡು ಕೂರಬೇಕಾಗುತ್ತದೆ. ಬಾಂಡಿನ ಮೇಲೆ ಈ ಹಕ್ಕು ನಮೂದಾಗಿದೆಯೇ ಎಂದು ಓದಿ ನೋಡಿಯೇ ಕೌಂಟರ್ ಬಿಡಬೇಕು.

ಎರಡನೆಯದು, ಬಾಂಡ್ ಸಂಘದ ಹೆಸರಿನಲ್ಲಿ, ಸಂಘದ ಪ್ಯಾನ್ ಸಂಖ್ಯೆಯಲ್ಲೇ ಇರಬೇಕು. ಹಿರಿಯ ನಾಗರಿಕರಾದ ಸದಸ್ಯರ ಹೆಸರಿನಲ್ಲಿ ಇಟ್ಟರೆ ಅರ್ಧ ಪರ್ಸೆಂಟ್ ಹೆಚ್ಚು ಸಿಗುತ್ತದೆ ಎಂಬ ಸಲಹೆ ಕಳೆದ ಸಮಿತಿ ಸಭೆಯಲ್ಲಿ ಬಂದಿತ್ತು. ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ. ಆದರೆ ಬ್ಯಾಂಕಿನ ಕಣ್ಣಿಗೆ ಆ ಹಣ ಅವರದ್ದಾಗುತ್ತದೆ, ಬಡ್ಡಿಯ ತೆರಿಗೆ ಅವರ ತಲೆಗೆ ಬರುತ್ತದೆ. ಅವರಿಗೆ ಏನಾದರೂ ಆದರೆ ಹಣ ನಾಮಿನಿಯ ಕೈಗೆ ಹೋಗುತ್ತದೆ, ನಾವು ನಮ್ಮ ಹಣಕ್ಕಾಗಿ ಅವರ ಮಕ್ಕಳ ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ. ಅಂಚೆ ಕಚೇರಿಯ ಅವಧಿ ಠೇವಣಿ, ಎನ್‌ಎಸ್‌ಸಿ, ಕಿಸಾನ್ ವಿಕಾಸ್ ಪತ್ರ ಇವು ವ್ಯಕ್ತಿಗಳಿಗೆ ಮಾತ್ರ ಸಿಗುವುದರಿಂದ ನಮ್ಮ ಸಂಘಕ್ಕೆ ಆ ದಾರಿ ಇಲ್ಲ.

ಮೂರನೆಯದು ಸಹಿ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರಲ್ಲಿ ಇಬ್ಬರ ಜಂಟಿ ಸಹಿ ಇರಬೇಕು. ಬಾಂಡ್ ಮುಗಿದಾಗಲಿ, ಮುರಿದಾಗಲಿ, ಹಣ ಸಂಘದ ಉಳಿತಾಯ ಖಾತೆಗೆ ಮಾತ್ರ ಜಮೆಯಾಗಬೇಕು ಎಂದು ಅರ್ಜಿಯಲ್ಲೇ ಬರೆಸಬೇಕು. ಬಾಂಡಿನ ಮೇಲೆ ಸಾಲ ತೆಗೆಯಲು ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕೆಂಬ ಪತ್ರವನ್ನೂ ಬ್ಯಾಂಕಿಗೆ ಕೊಡೋಣ.

ತೆರಿಗೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸದಸ್ಯರು ತಮ್ಮ ಅನುಕೂಲಕ್ಕೆ ತಾವೇ ಕೊಟ್ಟುಕೊಂಡ ನಿರ್ವಹಣಾ ಶುಲ್ಕ ಆದಾಯವಲ್ಲ ಎಂಬ ವಾದವನ್ನು ಬ್ಯಾಂಕ್ ಬಡ್ಡಿಗೆ ಎಳೆಯಲು ಬರುವುದಿಲ್ಲ. 2013ರಲ್ಲಿ ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಬಡ್ಡಿಯಲ್ಲಿ ಒಂದು ಪಾಲು ತೆರಿಗೆಗೆ ಹೋಗುತ್ತದೆಂದು ತಿಳಿದೇ ಲೆಕ್ಕ ಹಾಕಬೇಕು.

ಮ್ಯೂಚುಯಲ್ ಫಂಡ್ ಏಕೆ ಬೇಡ ಎಂದು ಯುವ ಸದಸ್ಯರು ಕೇಳಿದ್ದಾರೆ. ಲಿಕ್ವಿಡ್ ಫಂಡ್‌ಗಳು ಸಾಮಾನ್ಯವಾಗಿ ಸ್ಥಿರವಾಗಿರುತ್ತವೆ, ನಿಜ. ಆದರೆ ಅವುಗಳಿಗೆ ವಿಮೆಯೂ ಇಲ್ಲ, ಅಸಲಿನ ಖಾತರಿಯೂ ಇಲ್ಲ. 2020ರ ಏಪ್ರಿಲಿನಲ್ಲಿ ಒಂದು ದೊಡ್ಡ ಸಂಸ್ಥೆ ತನ್ನ ಆರು ಸಾಲಪತ್ರ ಯೋಜನೆಗಳನ್ನು ಒಮ್ಮೆಲೇ ಮುಚ್ಚಿತು. ಅವು ಲಿಕ್ವಿಡ್ ಫಂಡ್‌ಗಳಲ್ಲದಿದ್ದರೂ, ಹೂಡಿದವರು ತಮ್ಮ ಹಣ ಕಂತುಗಳಲ್ಲಿ ಬರುವವರೆಗೆ ಕಾಯಬೇಕಾಯಿತು. ಸ್ವಂತ ಹಣವಾದರೆ ಅಂಥ ನಿರ್ಧಾರ ನಾನೂ ಮಾಡಬಹುದು. ನೆಲಮಹಡಿಯ ಪಿಂಚಣಿದಾರರ ದುಡ್ಡು ಸೇರಿರುವ ನಿಧಿಯಲ್ಲಿ ಮಾಡಲಾರೆ.

ಆರನೆಯ ಹೆಜ್ಜೆ: ಠರಾವು ಮತ್ತು ಬಾಂಡ್ ಪುಸ್ತಕ

ನಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದದ್ದು, ನಮಗೆ ನಮ್ಮ ಉಪವಿಧಿಗಳು ಮುಖ್ಯ. 1959ರ ಸಹಕಾರ ಸಂಘಗಳ ಕಾಯ್ದೆಯಡಿ ಬರುವ ಸಂಘಗಳು, ಹಣವನ್ನು ಎಲ್ಲಿ ಹೂಡಬಹುದೆಂದು ಹೇಳುವ ಅದರ 58ನೇ ಪ್ರಕರಣವನ್ನು ಮೊದಲು ಓದಿಕೊಳ್ಳಬೇಕು.

ಸಭೆಯ ಒಪ್ಪಿಗೆಗಾಗಿ ನಾನು ಮಂಡಿಸುವ ಠರಾವು ಇದು: ‘ಸಂಘದ ಮೀಸಲು ನಿಧಿಯನ್ನು ಸಂಘದ ಹೆಸರಿನಲ್ಲಿ, ಅವಧಿಗೆ ಮುನ್ನ ಮುರಿಸಬಹುದಾದ ಬ್ಯಾಂಕ್ ಠೇವಣಿಗಳಲ್ಲಿ ಮಾತ್ರ ಇಡತಕ್ಕದ್ದು. ಸರ್ಕಾರಿ ಒಡೆತನದ ಬ್ಯಾಂಕನ್ನು ಬಿಟ್ಟು ಬೇರೆ ಯಾವುದೇ ಒಂದು ಬ್ಯಾಂಕಿನಲ್ಲಿ ಅಸಲು ಮತ್ತು ಬಡ್ಡಿ ಸೇರಿ 5 ಲಕ್ಷ ಮೀರತಕ್ಕದ್ದಲ್ಲ. ಮೂವರು ಪದಾಧಿಕಾರಿಗಳಲ್ಲಿ ಇಬ್ಬರ ಜಂಟಿ ಸಹಿಯಿಂದ ಮಾತ್ರ ವ್ಯವಹರಿಸತಕ್ಕದ್ದು. ಈಗಾಗಲೇ ಇರುವ ಠೇವಣಿಗಳನ್ನು ಜನವರಿ ಅಂತ್ಯದೊಳಗೆ ಈ ಮಿತಿಗೆ ತರತಕ್ಕದ್ದು.’

ಇದರ ಜೊತೆಗೆ ಒಂದು ಬಾಂಡ್ ಪುಸ್ತಕ ಇಡುತ್ತೇನೆ. ಬ್ಯಾಂಕು, ಠೇವಣಿ ಸಂಖ್ಯೆ, ಮೊತ್ತ, ದರ, ಮುಗಿಯುವ ದಿನ, ಮುಗಿದಾಗ ಬರುವ ಮೊತ್ತ, ಮೂಲ ಬಾಂಡ್ ಎಲ್ಲಿದೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದು, ಅದರ ನಕಲನ್ನು ಲಿಫ್ಟಿನ ಪಕ್ಕದ ಸೂಚನಾ ಫಲಕದಲ್ಲಿ ಠೇವಣಿ ಸಂಖ್ಯೆ ಬಿಟ್ಟು ಹಾಕುತ್ತೇನೆ. ಖಾತೆಗೆ ಸಂಘದ್ದೇ ಒಂದು ಮೊಬೈಲ್ ಸಂಖ್ಯೆ ಇರಲಿ. ಆ ಸಿಮ್ ಕಚೇರಿಯ ಫೋನಿನಲ್ಲಿದ್ದು, ಸಮಿತಿ ಬದಲಾದ ದಿನ ಬೀರುವಿನ ಕೀಲಿಯ ಜೊತೆಗೆ ಕೈಬದಲಾಗಲಿ. ಪ್ರತಿ ಮಾರ್ಚ್ 31ರ ಬಾಕಿ ದೃಢೀಕರಣ ಪತ್ರಗಳನ್ನು ಮೂರೂ ಬ್ಯಾಂಕುಗಳಿಂದ ತಂದು, ಪುಸ್ತಕದ ಸಾಲುಗಳಿಗೆ ಹೋಲಿಸಿ ನೋಡುವ ಕೆಲಸವನ್ನು ಸಮಿತಿಯಲ್ಲಿಲ್ಲದ ಇಬ್ಬರು ಸದಸ್ಯರಿಗೆ ವಹಿಸಬೇಕೆಂದು ಕೋರುತ್ತೇನೆ.

ಠರಾವನ್ನು ಮಂಡಿಸಿದ್ದೇನೆ. ಅನುಮೋದಿಸುವವರು ದಯವಿಟ್ಟು ಮನೆ ಸಂಖ್ಯೆ ಹೇಳಿ ಕೈ ಎತ್ತಬೇಕು. ಕಾರ್ಯದರ್ಶಿಗಳು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.